ಟ್ಯಾಪ್ ಲೈನಿನ ಫ್ಯೂಸು: ರೀಕ್ಲೋಸರ್ ಉಳಿಸಬೇಕೆ, ಹೋಗಲು ಬಿಡಬೇಕೆ?

ಪರ: ಉಳಿಸಬೇಕು

ಕೊಡಗಿನ 11 ಕೆ.ವಿ. ಫೀಡರಿಗೆ ತೊಂದರೆ ಕೊಡುವುದು ಹೆಚ್ಚಾಗಿ ಮರ. ಮರಗಸಿ ಮಾಡಿಸದೆ ಬಿಟ್ಟ ಸಿಲ್ವರ್ ಓಕಿನ ಕೊಂಬೆ ಗಾಳಿಗೆ ಬಾಗಿ ಎರಡು ತಂತಿಗಳಿಗೆ ಒಟ್ಟಿಗೆ ತಗಲುತ್ತದೆ, ಕಿಡಿ ಹಾರುತ್ತದೆ, ಕೊಂಬೆ ಮತ್ತೆ ಹಿಂದಕ್ಕೆ ಹೋಗುತ್ತದೆ. ಕ್ಷಣಕಾಲ ಕರೆಂಟ್ ನಿಂತರೆ ಸಾಕು, ಕಿಡಿ ಆರಿ ಲೈನ್ ಮೊದಲಿನಂತಾಗುತ್ತದೆ. ಆದರೆ ಆ ಕ್ಷಣದೊಳಗೆ, ಮೇನ್ ಲೈನಿನಿಂದ ಟ್ಯಾಪ್ ಲೈನ್ ಕವಲೊಡೆಯುವ ಕಂಬದ ಡಿ.ಓ. ಫ್ಯೂಸ್ ಕರಗಿ ಬಿದ್ದಿದ್ದರೆ, ಸರಿಯಾಗಿರುವ ಲೈನಿಗೆ ಲೈನ್‌ಮನ್ ಬರುವವರೆಗೂ ಕರೆಂಟಿಲ್ಲ. ಜುಲೈ ತಿಂಗಳ ರಾತ್ರಿ, ಆನೆ ಓಡಾಡುವ ದಾರಿಯಲ್ಲಿ ಆತ ಬರುವುದು ಎಷ್ಟು ಹೊತ್ತಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಫ್ಯೂಸ್ ಉಳಿಸುವ ಕ್ರಮ ಸರಳ. ಫಾಲ್ಟ್ ಬಂದರೆ ಲೈನನ್ನು ತಾನಾಗಿ ಬಿಡಿಸಿ ಸೇರಿಸುವ ಸ್ವಿಚ್ಚಾದ ರೀಕ್ಲೋಸರ್ ಮೊದಲ ಸಲ ಫಾಸ್ಟ್ ಕರ್ವಿನಲ್ಲಿ, ಅಂದರೆ ತಡಮಾಡದೆ, ಫ್ಯೂಸ್ ಕರಗುವ ಮೊದಲೇ ಟ್ರಿಪ್ ಆಗಿ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಸೇರುತ್ತದೆ. ಆಗಲೂ ಫಾಲ್ಟ್ ಹಾಗೇ ಇದ್ದರೆ ಸ್ಲೋ ಕರ್ವಿಗೆ ಹೋಗಿ ಕಾಯುತ್ತದೆ. ಈ ಬಾರಿ ಫ್ಯೂಸ್ ಕರಗಿ ಆ ಟ್ಯಾಪ್ ಮಾತ್ರ ಕಡಿದುಹೋಗುತ್ತದೆ.

"ಈ ಓಟದಲ್ಲಿ ಫ್ಯೂಸೇ ಗೆಲ್ಲುತ್ತದೆ" ಎನ್ನುವವರು ಲೆಕ್ಕ ಹಾಕಿ ನೋಡಲಿ. 5 ಎಂ.ವಿ.ಎ. 33/11 ಸಬ್‌ಸ್ಟೇಷನ್, ರ‍್ಯಾಬಿಟ್ ತಂತಿಯ ಲೈನ್, 8ನೇ ಕಿ.ಮೀ.ಯಲ್ಲಿ ರೀಕ್ಲೋಸರ್, 15ನೇ ಕಿ.ಮೀ.ಯಲ್ಲಿ ತೋಟದ ಟ್ಯಾಪ್ ಎಂದಿಟ್ಟುಕೊಳ್ಳಿ. ಅಲ್ಲಿ ಮೂರು ಫೇಸಿನ ಫಾಲ್ಟ್ ಕರೆಂಟ್ ಸುಮಾರು 550 ಆಂಪಿಯರ್. ರಿಲೇ ಮತ್ತು ವ್ಯಾಕ್ಯೂಮ್ ಸೇರಿ ರೀಕ್ಲೋಸರ್ ಬಿಡಿಸಲು 0.08 ಸೆಕೆಂಡ್ ತೆಗೆದುಕೊಳ್ಳುತ್ತದೆ. ಫ್ಯೂಸ್ ಬಿಸಿಯಾಗಿ ಸೊರಗುವುದನ್ನೂ ಲೆಕ್ಕಕ್ಕೆ ಹಿಡಿಯಲು, ಒಂದೇ ಫಾಸ್ಟ್ ಟ್ರಿಪ್ ಇರುವಲ್ಲಿ ಈ 0.08ನ್ನು 1.25ರಿಂದ ಗುಣಿಸಬೇಕು, 0.10 ಆಯಿತು. ಆ ಕಂಬದ ಫ್ಯೂಸಿನಲ್ಲಿ ಕರಗುವ ಎಳೆ, ಅಂದರೆ ಲಿಂಕ್, 40ಕೆ ಅಳತೆಯದಾಗಿದ್ದರೆ ಅದು 565 ಆಂಪಿಯರಿನಲ್ಲಿ 0.1 ಸೆಕೆಂಡಿಗೆ ಕರಗಲು ಶುರು. ಎರಡೂ ಒಂದೇ ಗೆರೆಗೆ ಬಂದು ನಿಂತಂತೆ, ಫ್ಯೂಸ್ ಒಮ್ಮೆ ಉಳಿಯಬಹುದು, ಒಮ್ಮೆ ಹೋಗಬಹುದು. ಅದನ್ನು ತೆಗೆದು 65ಕೆ ಹಾಕಿ. ಅದೇ ಕರೆಂಟಿಗೆ ಅದು ಕರಗಲು ಸುಮಾರು 0.3 ಸೆಕೆಂಡ್ ಬೇಕು, ನೆಮ್ಮದಿಯ ಅಂತರ. ಅದು ಪೂರ್ತಿ ಕಡಿದುಕೊಳ್ಳಲು 0.45ರ ಆಸುಪಾಸು ಹಿಡಿಯುವುದರಿಂದ ಸ್ಲೋ ಕರ್ವ್ ಆ ಕರೆಂಟಿನಲ್ಲಿ 0.6 ಸೆಕೆಂಡಿಗಿಂತ ಕೆಳಗೆ ಬರಬಾರದು. ಆಗದ ಕೆಲಸ ಇದರಲ್ಲಿ ಯಾವುದಿದೆ? ಟ್ಯಾಪಿನ ಒಳಗೆ ಟಿ.ಸಿ.ಗಳಿಗೆ, ಅಂದರೆ ಟ್ರಾನ್ಸ್‌ಫಾರ್ಮರುಗಳಿಗೆ, ಹಾಕಿರುವ 10ಕೆ ಫ್ಯೂಸನ್ನು ಯಾರೂ ಉಳಿಸಲಾರರು, ನಿಜ. ಆದರೆ ಅದು ಹೋದರೆ ಒಂದು ಟಿ.ಸಿ. ಮಾತ್ರ ಹೋಗುತ್ತದೆ.

ಫ್ಯೂಸ್ ಬಿದ್ದ ಮೇಲೆ ಆಗುವುದನ್ನೂ ನೋಡಿ. ಒಂದು ಫೇಸಿನ ಡಿ.ಓ. ಬಿದ್ದರೆ ಡೆಲ್ಟಾ-ಸ್ಟಾರ್ ಟಿ.ಸಿ.ಯ ಕೆಳಗಡೆ ಒಂದು ಫೇಸಿನಲ್ಲಿ 230 ವೋಲ್ಟ್ ಇರುತ್ತದೆ, ಉಳಿದೆರಡರಲ್ಲಿ ಅದರ ಅರ್ಧಕ್ಕೆ ಹತ್ತಿರ. ಮನೆಯ ಬಲ್ಬು ಮಂಕಾಗಿ ಉರಿಯುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದ ಪಂಪಿನ ಮೋಟಾರ್ ಗುಂಯ್ ಎನ್ನುತ್ತಾ ಸುಟ್ಟುಹೋಗುತ್ತದೆ. ಇನ್ನು ಬಿದ್ದ ಫ್ಯೂಸಿನ ಬ್ಯಾರೆಲಿಗೆ ಮತ್ತೆ 65ಕೆ ಲಿಂಕ್ ಬರುತ್ತದೆಯೇ? ಸ್ಟೋರಿನಲ್ಲಿ ಲಿಂಕ್ ಮುಗಿದಿದ್ದರೆ ಕೈಗೆ ಸಿಕ್ಕಿದ ತಾಮ್ರದ ಎಳೆಗಳನ್ನು ಹೊಸೆದು ಕಟ್ಟುತ್ತಾರೆ. ಆ ಎಳೆ ಎಷ್ಟು ಆಂಪಿಯರಿಗೆ, ಎಷ್ಟು ಹೊತ್ತಿಗೆ ಕರಗುತ್ತದೆ ಎಂಬುದು ಯಾವ ಕರ್ವಿನಲ್ಲೂ ಇಲ್ಲ. ಮುಂದಿನ ಫಾಲ್ಟಿಗೆ ಅದು ಕರಗದೆ ನಿಂತರೆ ರೀಕ್ಲೋಸರೇ ಮತ್ತೆ ಸೇರದೆ ಲಾಕೌಟ್ ಆಗಿ, ಅದರ ಆಚೆಯ ಎಲ್ಲ ಊರೂ ಕತ್ತಲಲ್ಲಿ ಕೂರುತ್ತದೆ. ಫ್ಯೂಸ್ ಹೋದಷ್ಟು ಸಲವೂ ಈ ಅಪಾಯ ಇದ್ದೇ ಇದೆ. ಫ್ಯೂಸ್ ಹೋಗದಿದ್ದರೆ ಅದನ್ನು ಮುಟ್ಟುವ ಪ್ರಮೇಯವೇ ಇಲ್ಲ.

ಎದುರಿನವರ ಆಕ್ಷೇಪವಾದರೂ ಏನು? ಲೈಟು ಒಮ್ಮೆ ಮಿಣುಕಿತು, ಟಿ.ವಿ. ಆರಿ ಮತ್ತೆ ಬಂತು, ಅಷ್ಟೇ. ಗಡಿಯಾರದಲ್ಲಿ 12:00 ಮಿನುಗುತ್ತದೆ ಎಂದು ಇಡೀ ಟ್ಯಾಪನ್ನು ಬೆಳಗಿನವರೆಗೆ ಕತ್ತಲಲ್ಲಿ ಇಡಬೇಕೆ?

ವಿರೋಧ: ಹೋಗಲಿ ಬಿಡಿ

ವಿರೋಧ ಪಕ್ಷ ನನ್ನ ಪಾಲಿಗೆ ಬಂದಿದೆ. 15ನೇ ಕಿ.ಮೀ.ಯ ಲೆಕ್ಕದಲ್ಲಿ ತಪ್ಪಿಲ್ಲ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಲ್ಲ ಟ್ಯಾಪೂ 15ನೇ ಕಿ.ಮೀ.ಯಲ್ಲಿ ಇರುವುದಿಲ್ಲ.

ಅದೇ ಫೀಡರಿನ 3ನೇ ಕಿ.ಮೀ.ಗೆ ಬನ್ನಿ. ಇಲ್ಲಿ ಫಾಲ್ಟ್ ಕರೆಂಟ್ 1,600 ಆಂಪಿಯರ್ ದಾಟುತ್ತದೆ. 65ಕೆ ಫ್ಯೂಸ್ 0.03 ಸೆಕೆಂಡಿನಲ್ಲಿ, ಅಂದರೆ ಒಂದೂವರೆ ಸೈಕಲ್ಲಿನಲ್ಲಿ ಕರಗುತ್ತದೆ. ಸಬ್‌ಸ್ಟೇಷನ್ನಿನ ಬ್ರೇಕರ್ ಎಷ್ಟೇ ಚುರುಕಾಗಿದ್ದರೂ ಅದಕ್ಕಿಂತ ಮೊದಲು ಬಿಡಿಸಲಾರದು. ಇಂಥ ಕಡೆ ಫಾಸ್ಟ್ ಟ್ರಿಪ್ ಇಟ್ಟರೆ ಫ್ಯೂಸೂ ಹೋಗುತ್ತದೆ, ಫೀಡರಿನ ಎಲ್ಲರ ಕರೆಂಟೂ ಒಮ್ಮೆ ಹೋಗಿ ಬರುತ್ತದೆ. ಹೀಗಾಗುತ್ತಿದೆಯೇ ಎಂದು ಪತ್ತೆ ಮಾಡುವುದು ಕಷ್ಟವಲ್ಲ. ರಿಲೇಯ ದಾಖಲೆಯಲ್ಲಿ ಒಂದು ಫಾಸ್ಟ್ ಟ್ರಿಪ್, ಮರುಜೋಡಣೆ ಯಶಸ್ವಿ, ಆಮೇಲೆ ಶಾಂತ. ಆದರೆ ಅದೇ ಹೊತ್ತಿಗೆ ಟ್ಯಾಪಿನಿಂದ ದೂರು ಬಂದಿದೆ, ಹೋಗಿ ನೋಡಿದರೆ ಬ್ಯಾರೆಲ್ ಜೋತು ಬಿದ್ದಿದೆ. ಎರಡೂ ಒಟ್ಟಿಗೆ ಸಿಕ್ಕರೆ ಅಲ್ಲಿ ಫಾಸ್ಟ್ ಕರ್ವ್ ದಂಡ. ಅದನ್ನು ಬ್ಲಾಕ್ ಮಾಡಿ, ಸ್ಲೋ ಕರ್ವ್ ಮಾತ್ರ ಉಳಿಸಿ. ಮೇನ್ ಲೈನಿನ ಫಾಲ್ಟಿಗೆ ಮರುಜೋಡಣೆ ಹೇಗೂ ಇರುತ್ತದೆ.

ಮಿಣುಕು ಲೈಟಿನ ಮಾತನ್ನು ಅಷ್ಟು ಹಗುರವಾಗಿ ತಳ್ಳಿಹಾಕಬಾರದಿತ್ತು. ಹೂ ಮಳೆ ಬಾರದ ವರ್ಷ ಫೆಬ್ರವರಿ-ಮಾರ್ಚಿನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಕರೆಂಟ್ ಒಂದು ಸೆಕೆಂಡ್ ಹೋದರೂ ಸ್ಟಾರ್ಟರಿನ ನೋ-ವೋಲ್ಟ್ ಕಾಯಿಲ್ ಬಿಟ್ಟುಕೊಟ್ಟು ಪಂಪ್ ನಿಲ್ಲುತ್ತದೆ. ಕರೆಂಟ್ ಬಂದರೂ ಪಂಪ್ ತಾನಾಗಿ ಏಳದು, ಕೆರೆಯ ದಂಡೆಯವರೆಗೆ ಯಾರಾದರೂ ನಡೆದುಹೋಗಿ ಒತ್ತಬೇಕು. ಫೀಡರಿನಲ್ಲಿ ಎಂಟು ಟ್ಯಾಪ್ ಇದ್ದು, ಒಂದೊಂದರಲ್ಲೂ ಐದು ಸಲ ಕೊಂಬೆ ತಗಲಿತು ಅನ್ನಿ. ಫ್ಯೂಸ್ ಉಳಿಸುವ ಕ್ರಮದಲ್ಲಿ ಎಂಟೂ ಕಡೆಯ ಪಂಪುಗಳು ನಲವತ್ತು ಸಲ ನಿಂತವು. ಫ್ಯೂಸ್ ಬಿಡುವ ಕ್ರಮದಲ್ಲಿ ಒಂದೊಂದು ಟ್ಯಾಪಿಗೆ ಐದೇ ಸಲ, ಮಿಕ್ಕ ಏಳು ಕಡೆಯವರಿಗೆ ಗೊತ್ತೂ ಆಗುವುದಿಲ್ಲ. ಫೇಸ್ ಹೋಗಿ ಮೋಟಾರ್ ಸುಡುವುದಕ್ಕೆ ಪ್ರಿವೆಂಟರ್ ಹಾಕಿಸಿಕೊಳ್ಳಬಹುದು.

ಮತ್ತೊಂದು ವಿಷಯ ಮುಂಗಾರಿನದು. ಜುಲೈನಲ್ಲಿ ತಗಲುವುದು ಕೊಂಬೆ ಮಾತ್ರವಲ್ಲ, ಬೇರು ಸಡಿಲಗೊಂಡ ಮರವೇ ತಂತಿಯ ಮೇಲೆ ಮಲಗುತ್ತದೆ. ಅದಕ್ಕೆ ಫಾಸ್ಟ್ ಟ್ರಿಪ್ ಏನೂ ಮಾಡದು. ತುಂಡಾಗಿ ನೆಲಕ್ಕೆ ಬಿದ್ದ ತಂತಿಗೆ ಮತ್ತೊಮ್ಮೆ ಕರೆಂಟ್ ಕೊಟ್ಟಂತಾಗುತ್ತದೆ, ಅಷ್ಟೇ. ಒದ್ದೆ ಮರದ ಮೂಲಕ ಹರಿಯುವ 30-40 ಆಂಪಿಯರಿಗಂತೂ 65ಕೆ ಎಂದೂ ಕರಗುವುದಿಲ್ಲ. ಅದನ್ನು ಹಿಡಿಯಲು ರೀಕ್ಲೋಸರಿನಲ್ಲಿ ಸೂಕ್ಷ್ಮ ಅರ್ತ್ ಫಾಲ್ಟ್ ಸೆಟ್ಟಿಂಗ್ ಬೇಕು, ಯಾವ ಕ್ರಮವಾದರೂ.

ರೀಕ್ಲೋಸರ್ ಕಂಟ್ರೋಲಿನಲ್ಲಿ ಎರಡು ಸೆಟ್ಟಿಂಗ್ ಗ್ರೂಪ್ ಇದ್ದರೆ ಒಂದರಲ್ಲಿ ಫಾಸ್ಟ್ ಕರ್ವ್ ಬ್ಲಾಕ್ ಮಾಡಿ, ಸ್ಪ್ರಿಂಕ್ಲರ್ ಓಡುವ ತಿಂಗಳುಗಳಿಗೆ ಅದನ್ನು ಇಡಿ. ದೂರದ ಟ್ಯಾಪುಗಳಿಗೆ ಮಳೆಗಾಲದಲ್ಲಿ ಪರ ಬರೆದವರ ಲೆಕ್ಕ ನಡೆಯಲಿ, 40ಕೆ ತೆಗೆದು 65ಕೆ ಹಾಕಿದ ಮೇಲೆ.