ಇಲಿ ಓಡಿಸೋ ಮೆಷಿನ್ನು, ಅಮ್ಮನ ಟ್ರಂಕಿನ ನುಸಿಗುಳಿಗೆ

ನಮ್ಮ ಅಡುಗೆಮನೆ ಅಟ್ಟಕ್ಕೆ ಇಲಿ ಸೇರಿಕೊಂಡು ಎರಡು ತಿಂಗಳಾಗಿತ್ತು. ಬೋನಿಗೆ ಬೀಳಲಿಲ್ಲ. ಪಾಷಾಣ ಇಡೋಕೆ ಅಮ್ಮ ಬಿಡಲಿಲ್ಲ, ಎಲ್ಲೋ ಸಂದಿಯಲ್ಲಿ ಸತ್ತು ನಾತ ಹೊಡೆದರೆ ಹುಡುಕೋರು ಯಾರು ಅಂತ. ಕೊನೆಗೆ ಆನ್‌ಲೈನಲ್ಲಿ ಒಂದು ಅಲ್ಟ್ರಾಸೋನಿಕ್ ಮೆಷಿನ್ ತರಿಸಿದೆ, ನಮ್ಮ ಕಿವಿಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುತ್ತೆ ಅನ್ನೋದು. ಪ್ಲಗ್‌ಗೆ ಸಿಕ್ಕಿಸಿದರೆ ನೀಲಿ ದೀಪ ಉರಿಯುತ್ತೆ, ಅಷ್ಟೇ. ಡಬ್ಬದ ಮೇಲೆ ಇಲಿ, ಜಿರಳೆ, ಸೊಳ್ಳೆ, ಹಲ್ಲಿ, ಜೇಡ ಎಲ್ಲದರ ಚಿತ್ರಕ್ಕೂ ಕೆಂಪು ಗೆರೆ ಎಳೆದಿದ್ದರು.

ಮೊದಲ ಮೂರು ರಾತ್ರಿ ಇಲಿ ಸದ್ದೇ ಇಲ್ಲ. ನಾನು ಖುಷಿಯಾಗಿ ಆಫೀಸಲ್ಲಿ ನಾಲ್ಕು ಜನಕ್ಕೆ ಹೇಳಿಬಿಟ್ಟೆ. ಐದನೇ ರಾತ್ರಿ ಮತ್ತೆ ಕರಕರ.

ಸುಮ್ನೆ ಅನುಮಾನ ಪಡೋದಕ್ಕಿಂತ ನೋಡೇಬಿಡೋಣ ಅಂತ ರಂಗೋಲಿ ಪುಡಿಯನ್ನು ಕಟ್ಟೆ ಮೇಲೆ, ಸಿಂಕಿನ ಕೆಳಗೆ ತೆಳುವಾಗಿ ಉದುರಿಸಿದೆ. ನಾಲ್ಕು ರಾತ್ರಿ ಮೆಷಿನ್ ಆಫ್, ನಾಲ್ಕು ರಾತ್ರಿ ಆನ್. ಎಂಟೂ ಬೆಳಗ್ಗೆ ಪುಟ್ಟ ಪುಟ್ಟ ಕಾಲಿನ ಗುರುತು, ನಡುವೆ ಬಾಲ ಎಳೆದ ಗೆರೆ. ಒಂದು ದಿನವಂತೂ ಆ ನೀಲಿ ದೀಪದಿಂದ ಒಂದಡಿ ದೂರದಲ್ಲೇ ಹಾದುಹೋಗಿತ್ತು.

ಇಲಿಗೆ ಮೆಷಿನ್ನಿನ ಸದ್ದು ಕೇಳಿಸಲ್ಲ ಅಂತಲ್ಲ. ನಮಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿದರೆ ಅದಕ್ಕೆ ಸುಮಾರು 80ರವರೆಗೂ ಕೇಳಿಸುತ್ತೆ. ಹೊಸ ಸದ್ದು ಅಂತ ಎರಡು ಮೂರು ದಿನ ಹಿಂಜರಿಯುತ್ತೆ, ಏನೂ ಆಗಲ್ಲ ಅಂತ ಗೊತ್ತಾದ ಮೇಲೆ ಒಗ್ಗಿಕೊಳ್ಳುತ್ತೆ. ಅಲ್ಲಿ ಅನ್ನ ಇದೆಯಲ್ಲ! ಜೊತೆಗೆ ಇಷ್ಟು ಸಣ್ಣ ಅಲೆಯ ಸದ್ದು ಗೋಡೆ ದಾಟಲ್ಲ. ಒಂದು ಅಕ್ಕಿ ಮೂಟೆ ಅಡ್ಡ ಇದ್ದರೆ ಅದರ ಹಿಂದೆ ನಿಶ್ಶಬ್ದ. ಅಟ್ಟದ ಸಾಮಾನಿನ ಮಧ್ಯೆ ಕೂತ ಇಲಿಗೆ ಪ್ಲಗ್ ಪಾಯಿಂಟಿನ ಮೆಷಿನ್ ಎಲ್ಲಿಂದ ತಾಗಬೇಕು?

ಸೊಳ್ಳೆ ಕಥೆ ಇನ್ನೂ ಮಜಾ. ವೈದ್ಯಕೀಯ ಅಧ್ಯಯನಗಳನ್ನೆಲ್ಲ ಸೇರಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2007ರ ವಿಮರ್ಶೆ, ಇಂಥ ಮೆಷಿನ್ ಇಟ್ಟು ಲ್ಯಾಬಿನ ಹೊರಗೆ ನಡೆಸಿದ 10 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಮೆಷಿನ್ ಇದ್ದರೂ ಇಲ್ಲದಿದ್ದರೂ ಮೈಮೇಲೆ ಕೂರುವ ಸೊಳ್ಳೆ ಕಡಿಮೆಯಾಗಲೇ ಇಲ್ಲ. ಅದಕ್ಕೂ ಮುಂಚೆ, 2001ರಲ್ಲಿ, ಸುಳ್ಳು ಜಾಹೀರಾತಿನ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 60ಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ ಪುರಾವೆ ಇಲ್ಲದೆ ಹೀಗೆಲ್ಲ ಹೇಳಬೇಡಿ ಅಂತ ಎಚ್ಚರಿಕೆ ಪತ್ರ ಬರೆದಿತ್ತು. ನನ್ನ ಡಬ್ಬದೊಳಗಿನ ಚೀಟಿಯಲ್ಲಿ 'ಪರಿಣಾಮ ಕಾಣಲು ನಾಲ್ಕು ವಾರ ಕಾಯಿರಿ' ಅಂತಿತ್ತು. ವಾಪಸ್ ಕಳಿಸುವ ಗಡುವು ಹತ್ತೇ ದಿನ. ಅರ್ಥ ಆಯ್ತಲ್ವಾ?

ಕೊನೆಗೆ ಇಲಿ ಬರ್ತಾ ಇದ್ದದ್ದು ಸಿಂಕಿನ ಪೈಪು ಗೋಡೆಗೆ ಸೇರುವ ಕಡೆಯ ಸಂದಿಯಿಂದ. ನನ್ನ ಹೆಬ್ಬೆರಳು ಹೋಗುವಷ್ಟೇ ಜಾಗ. ಅಲ್ಲಿಗೆ ನ್ಯೂಸ್‌ಪೇಪರ್ ತುರುಕಿಟ್ಟೆ, ಬೆಳಗ್ಗೆ ನೋಡಿದರೆ ಎಳೆದು ಹಾಕಿತ್ತು. ಅದೇ ದಾರಿ ಅಂತ ಖಾತ್ರಿಯಾಯಿತು. ಒಳಗಿದ್ದದ್ದು ಕಡಲೆಬೀಜದ ಆಸೆಗೆ ಕೊನೆಗೂ ಬೋನಿಗೆ ಬಿತ್ತು. ಆಮೇಲೆ ಸಂದಿಗೆ ತಂತಿ ಜಾಲರಿ ತುರುಕಿ ಸಿಮೆಂಟ್ ಮೆತ್ತಿಸಿದೆ. ರಂಗೋಲಿ ಪುಡಿ ಆಮೇಲೆ ಎರಡು ವಾರ ಹಾಗೇ ಇತ್ತು.

ಈ ಗಲಾಟೆಯ ಮಧ್ಯೆ ಅಮ್ಮ ಮನೆ ತುಂಬ ನುಸಿಗುಳಿಗೆ ಹಾಕಿದ್ದರು. ಸಿಂಕಿಗೆ, ಅಟ್ಟಕ್ಕೆ, ಬಚ್ಚಲಿಗೆ. ನುಸಿಗುಳಿಗೆ ಮೆಷಿನ್ನಿನ ಹಾಗೆ ಪೂರ್ತಿ ಸುಳ್ಳಲ್ಲ, ಅದು ನಿಜಕ್ಕೂ ವಿಷ. ಆದರೆ ಅದರ ಕೆಲಸ ಒಂದೇ. ಬಿಗಿಯಾಗಿ ಮುಚ್ಚಿದ ಟ್ರಂಕಿನೊಳಗೆ ಆವಿ ವಾರಗಟ್ಟಲೆ ತುಂಬಿಕೊಂಡರೆ, ಉಣ್ಣೆ ರೇಷ್ಮೆ ತಿನ್ನುವ ಹುಳುಗಳು ಸಾಯುತ್ತವೆ. ತೆರೆದ ಸಿಂಕಿನಲ್ಲಿ ಆವಿ ನಿಲ್ಲೋದೇ ಇಲ್ಲ, ಜಿರಳೆ ಪಕ್ಕದಲ್ಲೇ ಓಡಾಡುತ್ತೆ. ರೂಮಲ್ಲಿ ಘಮ್ ಅಂತ ವಾಸನೆ ಬರ್ತಿದೆ ಅಂದರೆ ಅದು ಟ್ರಂಕಿನಿಂದ ಸೋರಿ ನಮ್ಮ ಎದೆಗೆ ಹೋಗ್ತಿದೆ ಅಂತ. ಯುರೋಪಿಯನ್ ಒಕ್ಕೂಟದಲ್ಲಿ 2008ರಿಂದ ನ್ಯಾಫ್ತಲೀನ್‌ನಿಂದ ಮಾಡಿದ ನುಸಿಗುಳಿಗೆ ಮಾರುವ ಹಾಗೇ ಇಲ್ಲ.

ಕರ್ಪೂರವೂ ಹೀಗೇ ಗಾಳಿಗೆ ಆರಿಹೋಗುತ್ತೆ. ತಟ್ಟೆ ನೀರಲ್ಲಿ ಎರಡು ಬಿಲ್ಲೆ ಹಾಕಿ ಮಂಚದ ಕೆಳಗಿಟ್ಟರೆ ರೂಮು ಪರಿಮಳ ಬರುತ್ತೆ, ಆದರೆ ಅದನ್ನು ನಂಬಿ ಸೊಳ್ಳೆ ಪರದೆ ಬಿಚ್ಚಬೇಡಿ. ಮಗು ಒಂದು ಬಿಲ್ಲೆ ನುಂಗಿದರೂ ಫಿಟ್ಸ್ ಬರಬಹುದು, ಕೈಗೆ ಸಿಗದ ಹಾಗೆ ಇಡಿ. ಪೊಟ್ಟಣದ ಹೆಸರು ಹರಿದುಹೋಗಿ ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಒಂದು ಲೋಟ ನೀರಿಗೆ ಹಾಕಿ. ಕರ್ಪೂರ ತೇಲುತ್ತೆ, ನುಸಿಗುಳಿಗೆ ಮುಳುಗುತ್ತೆ.

ಇದನ್ನೆಲ್ಲ ಬರೆಯೋಕೆ ಕೂತದ್ದು ತಂಗಿಯ ಬಾಣಂತನಕ್ಕೆ. ಪಾಪುವಿಗೆ ಸುತ್ತೋಕೆ ಅಂತ ಅಮ್ಮ ಟ್ರಂಕಿನಿಂದ ಮೆತ್ತಗಿನ ಹಳೇ ಹತ್ತಿ ಸೀರೆಗಳನ್ನು ತೆಗೆದರು. ಮೂಗಿಗೆ ಬಡಿಯುವ ಹಾಗೆ ನುಸಿಗುಳಿಗೆ ವಾಸನೆ. ಜಿ6ಪಿಡಿ ಅನ್ನೋ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಆ ಆವಿ ಕೆಂಪು ರಕ್ತಕಣ ಒಡೆದು, ಕಾಮಾಲೆ ತೀವ್ರವಾಗಿ ಮಿದುಳಿಗೇ ಪೆಟ್ಟಾಗಬಹುದು. ಎಣ್ಣೆ ಹಚ್ಚಿದ ಮೈಗೆ ಇನ್ನೂ ಬೇಗ ಇಳಿಯುತ್ತೆ. ಆ ಕೊರತೆ ಇದೆಯೋ ಇಲ್ಲವೋ ಹುಟ್ಟಿದ ಮಗುವಿನ ಮುಖ ನೋಡಿ ಗೊತ್ತಾಗಲ್ಲ. ಅಮ್ಮನಿಗೆ ಹೇಳಿದೆ. 'ನಿಮ್ಮನ್ನೆಲ್ಲ ಇದರಲ್ಲೇ ಸುತ್ತಿದ್ದು ಕಣೋ' ಅಂದರು. ಆದರೂ ಸಂಜೆ ಅಂಗಡಿಗೆ ಹೋಗಿ ಎರಡು ಮೀಟರ್ ಹೊಸ ಬಟ್ಟೆ ತಂದು, ತೊಳೆದು ಬಿಸಿಲಿಗೆ ಹಾಕಿದರು.