ಲಾರ್ಜ್ ಕೇಳಿದವನಿಗೆ ಡಬಲ್

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಪಬ್‌ನಲ್ಲಿ ಮೊದಲು ಮಾಡುವ ಕೆಲಸ ಅಂದರೆ ಮೇಜು ಹಿಡಿದು ಕೂತು ಕಾಯುವುದು. ಬೆಂಗಳೂರಿನ ಬಾರ್‌ನಲ್ಲಾದರೆ ಕೂತ ಕೂಡಲೇ ಕಡಲೆಬೀಜ ಬರುತ್ತದೆ, ಬಿಲ್ಲು ಕೊನೆಗೆ. ಇಲ್ಲಿ ಯಾರೂ ಬರುವುದಿಲ್ಲ. ಕೌಂಟರಿಗೆ ನಾವೇ ಹೋಗಬೇಕು, ಅಲ್ಲೇ ದುಡ್ಡು ಕೊಡಬೇಕು. ಗುಂಪಿನಲ್ಲಿದ್ದರೆ ಸರದಿಯ ಪ್ರಕಾರ ಒಬ್ಬೊಬ್ಬರು ಎಲ್ಲರಿಗೂ ಕೊಡಿಸಬೇಕು. ತನ್ನ ಸರದಿ ಬಂದಾಗ ಶೌಚಾಲಯಕ್ಕೆ ಎದ್ದು ಹೋಗುವವನ ಹೆಸರು ಬೇಗ ಕೆಡುತ್ತದೆ.

ಆಮೇಲೆ ಅಳತೆಯ ಗೋಳು. ನಮ್ಮ ಸ್ಮಾಲ್ ಅಂದರೆ 30 ಮಿಲಿ, ಲಾರ್ಜ್ ಅಂದರೆ 60. ಇಲ್ಲಿನ ಪಬ್‌ಗಳು ವಿಸ್ಕಿಯನ್ನು 25 ಅಥವಾ 35 ಮಿಲಿ ಅಳತೆಯಲ್ಲಿ ಕೊಡುತ್ತವೆ. ಇದು ಕಾನೂನೇ ಹಾಕಿರುವ ಲೆಕ್ಕ. ಡಬಲ್ ಕೇಳಿದರೂ ಹಲವು ಕಡೆ 50 ಮಿಲಿ. ಗ್ಲಾಸಿನ ತಳ ನೋಡಿ "ಇಷ್ಟೇನಾ?" ಎಂದು ಗೊಣಗುತ್ತಾರೆ.

ಈ ಗೊಣಗಾಟ ಮನೆ ಪಾರ್ಟಿಯಲ್ಲಿ ಸೇಡಾಗಿ ತೀರುತ್ತದೆ. ಅಲ್ಲಿ ಅಳೆಯುವ ಲೋಟ ಇಲ್ಲ, ಬಗ್ಗಿಸುವವನ ಪ್ರೀತಿಯೇ ಅಳತೆ. ಇಲ್ಲಿನ ಬಾಟಲಿ 700 ಮಿಲಿ. ಲೇಬಲ್ಲಿನ ಮೂಲೆಯಲ್ಲಿ 28 ಯೂನಿಟ್ ಎಂದು ಸಣ್ಣಗೆ ಬರೆದಿರುತ್ತದೆ. ಒಂದು ಯೂನಿಟ್ ಅಂದರೆ 10 ಮಿಲಿ ಶುದ್ಧ ಆಲ್ಕೋಹಾಲ್. ಬಾಟಲಿ 40 ಪರ್ಸೆಂಟಿನದಾದರೆ ಲೆಕ್ಕ ಸರಿಹೋಗುತ್ತದೆ. ವಾರಕ್ಕೆ 14 ಯೂನಿಟ್ ಮೀರಬೇಡಿ ಎಂದು ಇಲ್ಲಿನ ಸರ್ಕಾರಿ ವೈದ್ಯರ ಸಲಹೆ. ಮೂವರು ಕೂತು ಆ ಬಾಟಲಿ ಖಾಲಿ ಮಾಡಿದರೆ ತಲಾ ಒಂಬತ್ತು ಯೂನಿಟ್ ದಾಟಿತು. ವಾರದ ಕೋಟಾದಲ್ಲಿ ಮೂರನೇ ಎರಡು ಭಾಗ ಒಂದೇ ರಾತ್ರಿಗೆ!

ಲಿವರ್ ಗಂಟೆಗೆ ಹೆಚ್ಚೂ ಕಮ್ಮಿ ಒಂದು ಯೂನಿಟ್ ಕರಗಿಸುತ್ತದೆ. ರಾತ್ರಿ ಒಂಬತ್ತಕ್ಕೆ ಶುರು ಮಾಡಿದವನ ರಕ್ತ ಪೂರ್ತಿ ತಿಳಿಯಾಗಲು ಬೆಳಗ್ಗೆ ಆರು ದಾಟಬೇಕು. ನಿದ್ದೆ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಅದನ್ನು ಅವಸರ ಮಾಡಿಸುವುದಿಲ್ಲ. ಅತ್ತೆ ಮಾವನನ್ನು ಕರೆತರಲು ಬೆಳಗ್ಗೆ ಐದಕ್ಕೆ ಏರ್‌ಪೋರ್ಟಿಗೆ ಹೊರಡುವವನು ಇದನ್ನು ಹಿಂದಿನ ರಾತ್ರಿಯೇ ಎಣಿಸಬೇಕು.

"ಇಲ್ಲಿ ಲಿಮಿಟ್ ಜಾಸ್ತಿ ಕಣೋ" ಎಂದು ಧೈರ್ಯ ಹೇಳುವವರು ಇದ್ದೇ ಇರುತ್ತಾರೆ. ಹೌದು, ಗಾಡಿ ಓಡಿಸುವವನಿಗೆ ಭಾರತದಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಇಂಗ್ಲೆಂಡಿನಲ್ಲಿ 80. ಆದರೆ ಮೀರಿ ಸಿಕ್ಕಿಬಿದ್ದು ಶಿಕ್ಷೆಯಾದರೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಲೈಸೆನ್ಸ್ ಹೋಗುತ್ತದೆ. ಇನ್ನು ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ ಮಿತಿ 50. ಎಡಿನ್‌ಬರೋಗೆ ಟೂರ್ ಹೊರಟವರು ಗಡಿಯ ಬೋರ್ಡಿನ ಮುಂದೆ ಫೋಟೋ ತೆಗೆದುಕೊಳ್ಳುತ್ತಾರೆ. ಅದನ್ನು ದಾಟಿದ ಕೂಡಲೇ, ಅದೇ ಕಾರಿನ ಅದೇ ಡ್ರೈವರ್ ಅಪರಾಧಿ ಆಗಬಹುದು ಎನ್ನುವುದು ಆ ಫೋಟೋದಲ್ಲಿ ಕಾಣುವುದಿಲ್ಲ, ಅಲ್ವಾ?