ಬಡ್ತಿಯ ಒಡ್ಡೋಲಗ

ಅಕ್ಕನ ಮಗನಿಗೆ ಬ್ಯಾಂಕಿನಲ್ಲಿ ಸ್ಕೇಲ್ ಒಂದರಿಂದ ಸ್ಕೇಲ್ ಎರಡಕ್ಕೆ ಬಡ್ತಿಯಾಯಿತು. ಸಂತೋಷದ ಸಂಗತಿಯೇ. ಆದರೆ ವಾಟ್ಸಾಪಿನಲ್ಲಿ ಹಾಕುವ ಮೊದಲು, "ಮಾವ, ಒಮ್ಮೆ ಭಾಷೆ ನೋಡಿಕೊಡಿ" ಎಂದು ಅವನು ಕಳುಹಿಸಿದ ಒಕ್ಕಣೆಯನ್ನು ಓದಿ ನನ್ನ ಬೆಳಗಿನ ಕಾಫಿ ರುಚಿಗೆಟ್ಟಿತು. ಮೊದಲ ವಾಕ್ಯದಲ್ಲಿ ಕಟೀಲಿನ ಅಮ್ಮ, ಎರಡನೆಯದರಲ್ಲಿ ಉಡುಪಿಯ ಕೃಷ್ಣ, ಮೂರನೆಯದರಲ್ಲಿ ಗುರುಹಿರಿಯರು, ನಾಲ್ಕನೆಯದರಲ್ಲಿ "ಯಾವ ಅರ್ಹತೆಯೂ ಇಲ್ಲದ ಈ ಪಾಮರ". ಬಡ್ತಿಯ ಸುದ್ದಿ ಬರುವಷ್ಟರಲ್ಲಿ ಮನೆತನದಲ್ಲಿ ಯಾರೋ ತೀರಿಕೊಂಡಿರಬೇಕೆಂದು ಓದುವವರು ಗಾಬರಿಯಾಗಬೇಕು.

ಪಾಮರನಂತೆ! ಆನ್‌ಲೈನ್ ಪರೀಕ್ಷೆ ಬರೆದು, ವರ್ಷವರ್ಷದ ಮೌಲ್ಯಮಾಪನದ ಅಂಕಗಳನ್ನು ಜೋಪಾನ ಮಾಡಿಕೊಂಡು, ಸಂದರ್ಶನವನ್ನೂ ದಾಟಿ ಬಂದವನು ಪಾಮರನಾದರೆ, ಅದೇ ಸಂದರ್ಶನದಲ್ಲಿ ಉಳಿದುಹೋದವನನ್ನು ಏನೆಂದು ಕರೆಯಬೇಕು?

ನಮ್ಮ ಜಿಲ್ಲೆಗಳಲ್ಲಿ ಈ ವಿನಯವೆಲ್ಲ ನಡೆಯುವುದೂ ಇಲ್ಲ. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳು ಹುಟ್ಟಿದ ನೆಲವಿದು. ಅವುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳೊಳಗೆ ಸೇರಿಹೋಗಿದ್ದರೂ, ಮನೆಗೊಬ್ಬರು ನಿವೃತ್ತ ಮ್ಯಾನೇಜರು ಜಗಲಿಯಲ್ಲಿ ಕುಳಿತೇ ಇದ್ದಾರೆ. ಸ್ಕೇಲ್ ಎರಡು ಎಂದರೆ ಏನು, ಅದರ ಬೆನ್ನಿಗೆ ವರ್ಗಾವಣೆಯ ಆದೇಶ ಹೇಗೆ ಬರುತ್ತದೆ ಎಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಅಲ್ಲದೆ ಸುದ್ದಿ ಆಗಲೇ ಗುಟ್ಟಾಗಿ ಉಳಿದಿರುವುದಿಲ್ಲ. ಆಯ್ಕೆಯಾದವರ ಪಟ್ಟಿ ಪಿಡಿಎಫ್ ಆಗಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಮೊದಲು ಎಲ್ಲರೂ ತಮ್ಮ ಹೆಸರನ್ನು ಹುಡುಕುತ್ತಾರೆ. ಸಿಕ್ಕಿದರೂ ಸಿಗದಿದ್ದರೂ ಎರಡನೆಯ ಬಾರಿ ಹುಡುಕುವುದು ಪಕ್ಕದ ಮೇಜಿನವರ ಹೆಸರನ್ನು. ಅಳಿಯನ ಪಕ್ಕದ ಮೇಜಿನ ಗೆಳೆಯನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಇಬ್ಬರೂ ಒಂದೇ ಬೈಕಿನಲ್ಲಿ ಕಟೀಲಿಗೆ ಹೋಗಿ, ಒಂದೇ ದಿನ ಹೂವಿನ ಪೂಜೆ ಮಾಡಿಸಿ ಬಂದವರು. ಈಗ ಒಬ್ಬನು "ಎಲ್ಲವೂ ಅಮ್ಮನ ದಯೆ" ಎಂದು ಶಾಖೆಯ ಗುಂಪಿನಲ್ಲಿ ಬರೆದರೆ, ಇನ್ನೊಬ್ಬನ ಹೂವು ಅಮ್ಮನಿಗೆ ಸೇರಲಿಲ್ಲವೆಂದು ಅರ್ಥವೇ? ಪರೀಕ್ಷೆಯ ಅಂಕಕ್ಕೆ ದೇವರನ್ನು ಜವಾಬ್ದಾರಳನ್ನಾಗಿ ಮಾಡುವವರಿಗೆ ಈ ಮುಜುಗರ ಹೊಳೆಯುವುದೇ ಇಲ್ಲ. "ಬಹಳ ಓದಿದ್ದೆ, ಈ ಬಾರಿ ಆಯಿತು" ಎಂದಿದ್ದರೆ ಆ ಹುಡುಗನಿಗೆ ಮುಂದಿನ ಬಾರಿಯ ದಾರಿಯಾದರೂ ತೆರೆದಿರುತ್ತಿತ್ತು.

ವಿನಯದ ಮುಸುಕಿನಲ್ಲಿ ಹೆಚ್ಚುಗಾರಿಕೆ ಹೇಳಿಕೊಳ್ಳುವವರಿಗಿಂತ ನೇರವಾಗಿ ಜಂಬ ಕೊಚ್ಚುವವರೇ ಜನರಿಗೆ ಸಹ್ಯವಾಗುತ್ತಾರೆ ಎಂಬುದನ್ನು ಓವುಲ್ ಸೆಜರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಮುಸುಕಿನವರಲ್ಲಿ ಪ್ರಾಮಾಣಿಕತೆ ಕಾಣುವುದಿಲ್ಲವೆಂಬುದೇ ಕಾರಣ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಬಣ್ಣದ ವೇಷ ದೀವಟಿಗೆಯ ಬೆಳಕಿನಲ್ಲಿ, ರಾಳದ ಬೆಂಕಿಯೆಬ್ಬಿಸಿ, ಆರ್ಭಟಿಸುತ್ತ ರಂಗಕ್ಕೆ ಬಂದು, ತಾನು ಯಾರು, ಯಾರನ್ನು ಗೆದ್ದವನು ಎಂದು ಎದೆ ತಟ್ಟಿ ಹೇಳಿದರೂ ಸಭೆಯಲ್ಲಿ ಯಾರೂ ಬೇಸರಿಸುವುದಿಲ್ಲ. ಅದೇ ರಾವಣ "ನಾನೊಬ್ಬ ಸಾಮಾನ್ಯ, ಲಂಕೆ ಹೇಗೋ ಒದಗಿ ಬಂತು" ಎಂದು ಅರ್ಥ ಹೇಳಿದರೆ, ಮುಂದಿನ ಸಾಲಿನವರು ಎದ್ದು ಚಹಾದ ಅಂಗಡಿಗೆ ನಡೆಯುತ್ತಾರೆ.

ಕೊನೆಗೆ ಒಕ್ಕಣೆಯನ್ನು ಕತ್ತರಿಸಲು ಕುಳಿತೆವು. ಮೊದಲ ವಾಕ್ಯದಲ್ಲೇ ಬಡ್ತಿ, ಹೊಸ ಹುದ್ದೆ, ವರದಿ ಮಾಡಿಕೊಳ್ಳಬೇಕಾದ ಊರು. ಪಾಮರನನ್ನು ಕಿತ್ತುಹಾಕಿದೆವು. "ಸಹಕರಿಸಿದ ಸರ್ವರಿಗೂ" ಎಂಬುದು ಯಾರಿಗೂ ತಲುಪದ ಕೃತಜ್ಞತೆಯೆಂದು ವಾದಿಸಿ ಅದನ್ನೂ ತೆಗೆಸಿದೆ. ಅದರ ಜಾಗದಲ್ಲಿ, ಪರೀಕ್ಷೆಯ ಹಿಂದಿನ ವಾರಗಳಲ್ಲಿ ಸಂಜೆಯ ಕ್ಯಾಶ್ ತಾಳೆ ನೋಡುವ ಕೆಲಸವನ್ನು ತಾನು ವಹಿಸಿಕೊಂಡು ಇವನನ್ನು ಓದಲು ಬೇಗ ಮನೆಗೆ ಕಳುಹಿಸಿದ ಹಿರಿಯ ಸಹೋದ್ಯೋಗಿಯೊಬ್ಬರ ಹೆಸರು ಬಂತು. ಗೆಳೆಯನಿಗೆ ಮೊದಲು ಫೋನು ಮಾಡಿ, ಆಮೇಲೆ ಗುಂಪಿಗೆ ಹಾಕೆಂದೆ. ಆ ಫೋನಿನಲ್ಲಿ ಸಮಾಧಾನದ ಉಪನ್ಯಾಸ ಬೇಡವೆಂದೂ ಎಚ್ಚರಿಸಿದೆ. ಒಟ್ಟು ಮೂರೇ ವಾಕ್ಯಗಳಾದವು. "ಇಷ್ಟು ಚುಟುಕಾದರೆ ಅಹಂಕಾರಿ ಎನ್ನುವುದಿಲ್ಲವೇ ಮಾವ?" ಎಂದು ಅವನು ಕೇಳಿದ. ಅನ್ನುವವರು ಅನ್ನುತ್ತಾರೆ, ಆ ಜಗಲಿಯ ನಿವೃತ್ತರ ಪೈಕಿ ಇಬ್ಬರಾದರೂ ಖಂಡಿತ ಅನ್ನುತ್ತಾರೆ.

ನಾವು ಹೀಗೆ ವಿನಯವನ್ನು ಅಳೆದು ಸುರಿಯುತ್ತಿದ್ದ ಹೊತ್ತಿಗೆ ಅಕ್ಕ ಮೀನು ತರುವ ಹೆಂಗಸಿಗೆ, ಪಕ್ಕದ ಮನೆಗೆ, ದುಬೈಯಲ್ಲಿರುವ ತಂಗಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಅವಳ ವರದಿಯಲ್ಲಿ ಮಗ ಸ್ಕೇಲ್ ಮೂರಕ್ಕೆ ಏರಿದ್ದ.